ಬ್ಲಾಕ್ ಡಯಾಗ್ರಾಂ: ಕರೆಂಟ್ ಲೂಪ್ ಮತ್ತು ಬ್ಯಾಕ್ ಇಎಂಎಫ್ ಲೂಪ್ ಹೆಣೆದುಕೊಂಡಿವೆ, ಉತ್ತರ ತಾಳೆಯಾಗುತ್ತಿಲ್ಲ

ಆರನೇ_ಸೆಮಿಸ್ಟರ್

ಎರಡು ದಿನಗಳಿಂದ ಒಂದೇ ಚಿತ್ರದ ಮುಂದೆ ಕುಳಿತಿದ್ದೇನೆ. ಡಿಸಿ ಮೋಟಾರಿನ ವೇಗ ನಿಯಂತ್ರಣ. ಎಡದಿಂದ ಬಲಕ್ಕೆ ಹೀಗಿದೆ: ಬೇಕಾದ ವೇಗ `r` ಮೊದಲ ಕೂಡುಬಿಂದುವಿಗೆ ಬರುತ್ತದೆ, ಅಲ್ಲಿ ನಿಜವಾದ ವೇಗ `w` ಕಳೆಯುತ್ತದೆ. ಉಳಿದ ದೋಷ ವೇಗ ನಿಯಂತ್ರಕ `G0` ಮೂಲಕ ಹೋಗಿ ಎಷ್ಟು ಕರೆಂಟ್ ಬೇಕೆಂದು ಹೇಳುತ್ತದೆ. ಎರಡನೇ ಕೂಡುಬಿಂದುವಿನಲ್ಲಿ ಆರ್ಮೇಚರ್ ಕರೆಂಟ್ `i` ಕಳೆಯುತ್ತದೆ. ಮುಂದೆ ಕರೆಂಟ್ ನಿಯಂತ್ರಕ `G1`. ಮೂರನೇ ಕೂಡುಬಿಂದುವಿನಲ್ಲಿ ಬ್ಯಾಕ್ ಇಎಂಎಫ್, ಅಂದರೆ `H2*w`, ಕಳೆಯುತ್ತದೆ. ಆಮೇಲೆ `G2 = 1/(Ls+R)`, ಅದರಿಂದ `i`. ಕೊನೆಗೆ `G3 = Kt/(Js+B)`, ಅದರಿಂದ `w`.

ಒಳಗಿನ ಲೂಪ್ ಮೊದಲು ಮುಚ್ಚಬೇಕು ಎಂದು ಕಲಿತಿದ್ದೇನೆ. ಹಾಗಾಗಿ ಕರೆಂಟ್ ಲೂಪ್ ಮುಚ್ಚಿ `G1G2/(1+G1G2)` ಎಂಬ ಒಂದೇ ಬ್ಲಾಕ್ ಮಾಡಿದೆ. ನಂತರ `G3` ಸೇರಿಸಿ ಬ್ಯಾಕ್ ಇಎಂಎಫ್ ಲೂಪ್ ಮುಚ್ಚಿದೆ, ಕೊನೆಗೆ ಹೊರಗಿನದನ್ನು. ಬಂದ ಛೇದ:

```
1 + G1G2 + G1G2G3H2 + G0G1G2G3
```

ಉತ್ತರ ಪುಟದಲ್ಲಿ ಮೂರನೇ ಪದ ಬೇರೆ ಇದೆ. ಮೂರು ಸಲ ಮಾಡಿದರೂ ನನಗೆ ಇದೇ ಬರುತ್ತಿದೆ. ಎಲ್ಲಿ ಎಡವಿದ್ದೇನೆ?

ಲೇತ್_ಮನೆ

ನನ್ನ ಲೇತ್ ಮೋಟಾರಿಗೂ ಇದೇ ತೊಂದರೆ ಇತ್ತು. ಕಡಿಮೆ ವೇಗದಲ್ಲಿ ನಡುಗುತ್ತಿತ್ತು. ನಿಯಂತ್ರಕದ ಗೇನ್ ಅರ್ಧಕ್ಕೆ ಇಳಿಸಿದ ಮೇಲೆ ನಿಂತಿತು. ನೀವೂ `G1` ಇಳಿಸಿ ನೋಡಿ.

ಆರನೇ_ಸೆಮಿಸ್ಟರ್

ಸರ್, ನನ್ನ ಬಳಿ ಮೋಟಾರ್ ಇಲ್ಲ. ಕಾಗದದ ಮೇಲಿನ ಲೆಕ್ಕವೇ ತಪ್ಪುತ್ತಿದೆ.

ಸುರುಳಿ

ಎರಡು ಲೂಪ್‌ಗಳು ಒಂದರೊಳಗೊಂದು ಇಲ್ಲ, ಒಂದನ್ನೊಂದು ಹೆಣೆದುಕೊಂಡಿವೆ. ಕರೆಂಟ್ ಲೂಪ್ ಒಳಗೆ `G1`, `G2` ಇವೆ. ಬ್ಯಾಕ್ ಇಎಂಎಫ್ ಲೂಪ್ ಒಳಗೆ `G2`, `G3`. ಕರೆಂಟ್ ಲೂಪಿನ ಹೊಟ್ಟೆಯಲ್ಲೇ ಇನ್ನೊಂದು ಕೂಡುಬಿಂದು ಇರುವಾಗ ಅದನ್ನು ಹಾಗೆಯೇ ಮುಚ್ಚಲು ಬರುವುದಿಲ್ಲ. ಬ್ಯಾಕ್ ಇಎಂಎಫ್ ಸೇರುವ ಕೂಡುಬಿಂದುವನ್ನು `G1` ಹಿಂದಕ್ಕೆ ತನ್ನಿ. ದಾಟಿದ ಬ್ಲಾಕಿನಿಂದ ಗುಣಿಸಬೇಕು, ಆದ್ದರಿಂದ `H2` ಈಗ `H2G1` ಆಗುತ್ತದೆ. ನಂತರ ನಿಮ್ಮ ಕ್ರಮದಲ್ಲೇ ಮುಚ್ಚಿ.

ಆರನೇ_ಸೆಮಿಸ್ಟರ್

ಹಾಗೆ ಮಾಡಿದರೆ ಮೂರನೇ ಪದದಲ್ಲಿ `G1` ಎರಡು ಸಲ ಬರುತ್ತಿದೆ ಮೇಡಂ. ಇನ್ನೂ ದೂರ ಹೋದಂತಾಯಿತು.

ಡ್ರೈವ್_ಪ್ಯಾನೆಲ್

ಸುರುಳಿಯವರು ರೋಗ ಸರಿಯಾಗಿ ಹಿಡಿದಿದ್ದಾರೆ, ಮದ್ದು ಮಾತ್ರ ತಿರುವುಮುರುವಾಗಿದೆ. `G1` ದಾಟಿದ ಮೇಲೆ ಕಳೆಯಬೇಕಾದದ್ದು `H2*w`. ಅದನ್ನು `G1`ಕ್ಕಿಂತ ಮೊದಲೇ ಕಳೆದರೆ ದಾರಿಯಲ್ಲಿ `G1` ಅದನ್ನು ಗುಣಿಸಿಯೇ ಗುಣಿಸುತ್ತದೆ. ಆದ್ದರಿಂದ ಮೊದಲೇ ಭಾಗಿಸಿ ಕಳುಹಿಸಬೇಕು: `H2/G1`.

ನೀವು ಮಾಡಿದ್ದೇನೆಂದರೆ, ನಿಮಗೆ ಗೊತ್ತಿಲ್ಲದೆಯೇ ಕೂಡುಬಿಂದುವನ್ನು `G1` ಹಿಂದಕ್ಕೆ ಒಯ್ದಿದ್ದೀರಿ. `G1G2/(1+G1G2)` ಎಂದು ಒಂದು ಪೆಟ್ಟಿಗೆ ಬರೆದ ಕ್ಷಣದಲ್ಲಿ, ಆ ಪೆಟ್ಟಿಗೆಯ ಮಧ್ಯಕ್ಕೆ ಬರುತ್ತಿದ್ದ ಬ್ಯಾಕ್ ಇಎಂಎಫ್ ತಂತಿಗೆ ಜಾಗವೇ ಇಲ್ಲವಾಯಿತು. ನೀವು ಅದನ್ನು ಪೆಟ್ಟಿಗೆಯ ಬಾಗಿಲಿಗೆ ಕಟ್ಟಿದಿರಿ, ಭಾಗಿಸಲಿಲ್ಲ. `H2/G1` ಹಾಕಿ ನೋಡಿ, ಹೆಚ್ಚಿಗೆ ಬಂದ `G1` ಹೋಗುತ್ತದೆ:

```
w/r = G0G1G2G3 / (1 + G1G2 + G2G3H2 + G0G1G2G3)
```

ಇನ್ನೊಂದು ದಾರಿ: `i` ತೆಗೆದುಕೊಳ್ಳುವ ಬಿಂದುವನ್ನು `G3` ಆಚೆಗೆ, `w` ಬಳಿಗೆ ಒಯ್ಯಿರಿ. ಆ ತಂತಿಯಲ್ಲಿ `1/G3` ಇಡಬೇಕು. ಈಗ ಬ್ಯಾಕ್ ಇಎಂಎಫ್ ಲೂಪ್ ನಿಜವಾಗಿಯೂ ಒಳಗಿನದು, ಕರೆಂಟ್ ಲೂಪ್ ಅದರ ಹೊರಗೆ. ಒಳಗಿನಿಂದ ಮುಚ್ಚುತ್ತಾ ಬಂದರೆ ಇದೇ ಉತ್ತರ. `1/G3`ರಲ್ಲಿ `s` ಮೇಲೆ ಬರುತ್ತದೆ, ಅಂಥದ್ದನ್ನು ಸರ್ಕ್ಯೂಟಿನಲ್ಲಿ ಕಟ್ಟಲು ಆಗುವುದಿಲ್ಲ, ಆದರೆ ಇದು ಕಾಗದದ ಮೇಲಿನ ಬ್ಲಾಕ್ ಮಾತ್ರ. ಕೊನೆಯ ಉತ್ತರದಲ್ಲಿ ಅದು ಉಳಿಯುವುದಿಲ್ಲ.

ಉತ್ತರ ಪುಟ ಇಲ್ಲದೆಯೂ ನಿಮ್ಮ ತಪ್ಪು ಕಾಣುತ್ತಿತ್ತು. ಛೇದದಲ್ಲಿ `1` ಇದೆ, ಹಾಗಾಗಿ ಪಕ್ಕದ ಪ್ರತಿಯೊಂದು ಪದಕ್ಕೂ ಮೂಲಮಾನ ಇರಬಾರದು. `G1` ಆಂಪಿಯರ್ ತೆಗೆದುಕೊಂಡು ವೋಲ್ಟ್ ಕೊಡುತ್ತದೆ. `G2G3H2` ವೋಲ್ಟಿನಿಂದ ಹೊರಟು ವೋಲ್ಟಿಗೇ ಮರಳುತ್ತದೆ, ಸರಿ. ಅದಕ್ಕೆ `G1` ಅಂಟಿಸಿದರೆ ಓಮ್ ಉಳಿಯುತ್ತದೆ. ಒಂದಕ್ಕೆ ಓಮ್ ಕೂಡಿಸುವುದು ಹೇಗೆ?

ಆರನೇ_ಸೆಮಿಸ್ಟರ್

ಈಗ ಕಂಡಿತು! ಬಾಗಿಲಿಗೆ ಕಟ್ಟಿದ್ದೇ ತಪ್ಪು. ಅಂಕಿಗಳನ್ನು ಹಾಕಿಯೂ ನೋಡಿದೆ. ಸ್ಥಿರ ಸ್ಥಿತಿಯಲ್ಲಿ `s = 0`, `R = 1`, `Kt = H2 = 0.1`, `B = 0.01`, `G1 = 20`, `G0 = 0.5`. ಆಗ `G2 = 1`, `G3 = 10`. ಹೊಸ ಸೂತ್ರದಿಂದ 100/122, ನನ್ನ ಹಳೆಯದರಿಂದ 100/141.

ಯಾವುದು ನಿಜ ಎಂದು ಚಿತ್ರದಲ್ಲೇ ನಡೆದು ನೋಡಿದೆ. `r = 122` ಕೊಟ್ಟು `w = 100` ಎಂದುಕೊಂಡೆ. ದೋಷ 22, ಬೇಕಾದ ಕರೆಂಟ್ 11 ಆಂಪಿಯರ್. 100ರ ವೇಗ ಕಾಯ್ದುಕೊಳ್ಳಲು ನಿಜವಾಗಿ ಬೇಕಾದದ್ದು 10 ಆಂಪಿಯರ್. ವ್ಯತ್ಯಾಸ 1, ಅದನ್ನು 20ರಿಂದ ಗುಣಿಸಿದರೆ 20 ವೋಲ್ಟ್. ಬ್ಯಾಕ್ ಇಎಂಎಫ್ 10 ವೋಲ್ಟ್ ಕಳೆದು ಉಳಿದ 10 ವೋಲ್ಟ್, 1 ಓಮ್ ಮೂಲಕ, ಸರಿಯಾಗಿ 10 ಆಂಪಿಯರ್. ಸುತ್ತು ಕೂಡಿತು.

ಸುರುಳಿ

ಗುಣಿಸುವುದು, ಭಾಗಿಸುವುದು ನಾನೇ ಅದಲುಬದಲು ಮಾಡಿದೆ, ಕ್ಷಮಿಸಿ. ಕೂಡುಬಿಂದು ಮುಂದಕ್ಕೆ ಹೋದರೆ ಗುಣಿಸಬೇಕು, ಹಿಂದಕ್ಕೆ ಬಂದರೆ ಭಾಗಿಸಬೇಕು. ತೆಗೆದುಕೊಳ್ಳುವ ಬಿಂದುವಿಗೆ ಇದು ತಿರುವು. ಬಾಯಿಪಾಠ ಮಾಡಿದ್ದರಿಂದಲೇ ಹೀಗಾಯಿತು. ಒಂದು ಸಂದೇಹ: `Kt` ಮತ್ತು `1/(Js+B)` ನಡುವೆ ಹೊರೆಯ ಟಾರ್ಕ್ ಬಂದು ಕಳೆಯುತ್ತಿದ್ದರೆ? ಆಗಲೂ `i` ಬಿಂದುವನ್ನು `w` ಬಳಿಗೆ ಒಯ್ಯಬಹುದೇ?

ಡ್ರೈವ್_ಪ್ಯಾನೆಲ್

ಒಳ್ಳೆಯ ಪ್ರಶ್ನೆ. ಹಾಗೆ ಒಯ್ಯುವಂತಿಲ್ಲ. ದಾರಿಯಲ್ಲಿ ಕೂಡುಬಿಂದು ಸಿಕ್ಕಿತೆಂದರೆ `w` ನೋಡಿ ಮಾತ್ರ `i` ಹೇಳಲು ಆಗುವುದಿಲ್ಲ, ಹೊರೆಯನ್ನೂ ಸೇರಿಸಬೇಕಾಗುತ್ತದೆ. ಮರೆತು ಒಯ್ದರೆ ಹೊರೆಗೆ ವೇಗ ಎಷ್ಟು ಕುಸಿಯುತ್ತದೆ ಎಂಬ ಉತ್ತರದ ಅಂಶದಲ್ಲಿ `(1+G1G2)` ಕಾಣೆಯಾಗುತ್ತದೆ. ಮೇಲಿನ ಅಂಕಿಗಳಲ್ಲಿ ಅದು 21. ಪ್ರತಿ ನ್ಯೂಟನ್ ಮೀಟರಿಗೆ ಸುಮಾರು 17.2 ರೇಡಿಯನ್/ಸೆಕೆಂಡ್ ಬೀಳಬೇಕಾದದ್ದು 0.82 ಎಂದು ಬರುತ್ತದೆ. ಛೇದ ಎರಡರಲ್ಲೂ ಒಂದೇ ಆಗಿರುವುದರಿಂದ ತಪ್ಪು ಸುಲಭಕ್ಕೆ ಕಾಣುವುದೂ ಇಲ್ಲ. ಹೊರೆಯ ಲೆಕ್ಕಕ್ಕೆ `H2/G1` ದಾರಿಯೇ ಹಿಡಿಯಿರಿ, ಅದು ಹೊರೆಯ ಕೂಡುಬಿಂದುವನ್ನು ಮುಟ್ಟುವುದೇ ಇಲ್ಲ.

ಲೇತ್_ಮನೆ

ಈಗ ಪ್ರಶ್ನೆ ಅರ್ಥವಾಯಿತು. ನನ್ನ ಡ್ರೈವಿನಲ್ಲಿ ಕರೆಂಟ್ 8 ಆಂಪಿಯರ್ ಮೀರದಂತೆ ಮಿತಿ ಇಟ್ಟಿದ್ದೇನೆ. ಚಿತ್ರದಲ್ಲಿ ಅದು `G0` ಆದ ಮೇಲೆ ಬರುತ್ತದೆ. ಅದನ್ನೂ ಒಂದು ಬ್ಲಾಕ್ ಎಂದು ಹಿಡಿದು ಸರಿಸಬಹುದೇ?

ಡ್ರೈವ್_ಪ್ಯಾನೆಲ್

ಇಲ್ಲ. ಮಿತಿ ತಟ್ಟದಿರುವ ತನಕ ಅದು 1, ತಟ್ಟಿದ ಮೇಲೆ ಈ ಬೀಜಗಣಿತ ಯಾವುದೂ ನಡೆಯುವುದಿಲ್ಲ. ಮೇಲಿನ ಲೆಕ್ಕದ 11 ಆಂಪಿಯರ್ ನಿಮ್ಮ ಡ್ರೈವಿನಲ್ಲಿ 8ಕ್ಕೇ ನಿಲ್ಲುತ್ತದೆ, ಹಾಗಾಗಿ ವೇಗ 100 ಮುಟ್ಟುವುದೇ ಇಲ್ಲ.

ಲೇತ್_ಮನೆ

ಹಾಗಾದರೆ ಮಿತಿ ಬಿಟ್ಟು ಹೊರಬರುವಾಗ ನನ್ನ ಮೋಟಾರ್ ಒಮ್ಮೆ ಜಿಗಿಯುವುದಕ್ಕೆ ಇದೇ ಕಾರಣವೇ, ಅಥವಾ `G0`ಯಲ್ಲಿರುವ ಇಂಟಿಗ್ರೇಟರೇ? ನಾಳೆ ಇಂಟಿಗ್ರೇಟರ್ ತೆಗೆದು ಓಡಿಸಿ, ಕಂಡದ್ದನ್ನು ಇಲ್ಲಿಯೇ ಬರೆಯುತ್ತೇನೆ.