62 ಸ್ಲೈಡ್ ಇವೆ, ಕಾಲ್ ಬಂದಾಗ ಯಾರೂ ನೋಡಲ್ಲ

ಹೊಸ ಟ್ರೈನರ್: ನಮ್ಮದು ಬ್ಯಾಂಕಿನ ಕಾಲ್ ಸೆಂಟರ್. ಯುಪಿಐ ದೂರುಗಳ ಟ್ರೈನಿಂಗ್‌ಗೆ 62 ಸ್ಲೈಡ್ ಇವೆ. ಅದನ್ನೇ ಏಜೆಂಟ್‌ಗಳು ಕಾಲ್‌ನಲ್ಲಿರುವಾಗ ನೋಡುವ ಡಿಸಿಷನ್ ಟ್ರೀ, ಅಂದರೆ ಒಂದೊಂದು ಉತ್ತರಕ್ಕೂ ಮುಂದಿನ ಹೆಜ್ಜೆ ತೋರಿಸುವ ಪ್ರಶ್ನೆಗಳ ನಕ್ಷೆ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಮೇಡಂ: ಸ್ಲೈಡ್‌ನಿಂದ ಬೇಡ. 20 ಕಾಲ್ ರೆಕಾರ್ಡಿಂಗ್ ಕೇಳಿ. ಗ್ರಾಹಕರ ಮೊದಲ ಮಾತನ್ನು ಹಾಗೇ ಬರೆದುಕೊಳ್ಳಿ.

ಸದಸ್ಯ 1: ಗ್ರೂಪಲ್ಲಿ ಬಂದ ಟೆಂಪ್ಲೇಟ್ ಇದೆ ಮೇಡಂ. ಸ್ಲೈಡ್ ತಲೆಬರಹಗಳನ್ನು ಬಾಕ್ಸ್‌ಗೆ ಹಾಕಿ ಬಾಣ ಎಳೆದರೆ ಮುಗೀತು.

ಮೇಡಂ: ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ. 'ಯುಪಿಐ ಎಂದರೇನು' ಅನ್ನೋ ಬಾಕ್ಸ್ ಮುಂದೆ ಕೂತು ಏಜೆಂಟ್ ಏನು ತೀರ್ಮಾನ ಮಾಡಬೇಕು?

ಸದಸ್ಯೆ 2: ಯಾವ ಸಾಫ್ಟ್‌ವೇರ್?

ಹೊಸ ಟ್ರೈನರ್: 'ದುಡ್ಡು ಕಟ್ಟಾಯ್ತು, ಅಂಗಡಿಯವರಿಗೆ ಹೋಗಿಲ್ಲ' ಅನ್ನೋ ಕಾಲ್‌ಗಳೇ ಜಾಸ್ತಿ. ಏಜೆಂಟ್‌ಗಳು ಎಲ್ಲರಿಗೂ 'ನಾಳೆ ಬರುತ್ತೆ' ಅಂತಾರೆ. ಮೂರನೇ ದಿನ ಅದೇ ಗ್ರಾಹಕರು ಸಿಟ್ಟಲ್ಲಿ ಫೋನ್ ಮಾಡ್ತಾರೆ.

ಮೇಡಂ: ಇದು ನನಗೆ ಚಿಂತೆ ಹುಟ್ಟಿಸುತ್ತೆ. ಆರ್‌ಬಿಐನ 2019ರ ಸುತ್ತೋಲೆ ಪ್ರಕಾರ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ವ್ಯಾಪಾರಿಗಾದರೆ 5 ದಿನದೊಳಗೆ ದುಡ್ಡು ವಾಪಸ್ ಆಗಬೇಕು. ನಿಮ್ಮವರು ಒಂದೇ ಗಡುವು ನೆನಪಿಟ್ಟಿದ್ದಾರೆ.

ಮೊದಲ ಪ್ರಶ್ನೆ, 'ಈ ಪೇಮೆಂಟ್ ನೀವೇ ಮಾಡಿದ್ದಾ?' ಇಲ್ಲ ಅಂದರೆ ಅಲ್ಲೇ ವಂಚನೆಯ ಕೊಂಬೆಗೆ ಹೋಗಿ: ಯುಪಿಐ ಬ್ಲಾಕ್, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು. ಹೌದಾದರೆ, ವ್ಯಕ್ತಿಗಾ ವ್ಯಾಪಾರಿಗಾ? ಇದನ್ನು ಗ್ರಾಹಕರನ್ನು ಕೇಳಬೇಡಿ. ಅವರು 'ಅಂಗಡಿಗೆ' ಅಂತಾರೆ, ಆದರೆ ಆ ಕಿರಾಣಿ ಅಂಗಡಿಯ ಕ್ಯೂಆರ್ ಮಾಲೀಕರ ಸ್ವಂತ ಖಾತೆಯದ್ದಿರಬಹುದು. ಆಗ ಗಡುವೇ ಬೇರೆ. ಉತ್ತರ ಏಜೆಂಟ್ ಸ್ಕ್ರೀನಲ್ಲಿದೆ, ಬಾಕ್ಸಲ್ಲಿ 'ಸ್ಕ್ರೀನ್ ನೋಡಿ' ಅಂತಲೇ ಬರೆಯಿರಿ. ಕೊನೆ ಬಾಕ್ಸಲ್ಲಿ ದಿನದ ಲೆಕ್ಕ ಬೇಡ, ತಾರೀಖು ಬೇಕು. 9ನೇ ತಾರೀಖು ವ್ಯಾಪಾರಿಗೆ ಕಟ್ಟಿದ್ದರೆ '14ರೊಳಗೆ ಬರುತ್ತೆ' ಅಂತ ಹೇಳಲಿ.

ಸದಸ್ಯ 3: ತಡವಾದರೆ ದಿನಕ್ಕೆ 100 ರೂಪಾಯಿ ಅಲ್ವಾ? ಮೊದಲ ದಿನವೇ ಹೇಳಿಬಿಡಿ, ಗ್ರಾಹಕರು ಖುಷಿಯಾಗ್ತಾರೆ.

ಮೇಡಂ: ಗಡುವು ಮೀರಿದ ಮೇಲೆ ಮಾತ್ರ. ಅದಕ್ಕೆ ಬೇರೆ ಕೊಂಬೆ.

ಸದಸ್ಯ 4: ನನ್ನ 850 ರೂಪಾಯಿ ಇನ್ನೂ ಬಂದಿಲ್ಲ. ಯಾರಾದ್ರೂ ನೋಡ್ತೀರಾ?

ಸದಸ್ಯ 1: ಮರ ಹಿಡ್ಕೊಂಡ್ರೆ ಏಜೆಂಟ್‌ಗಳು ಗಿಣಿ ಥರ ಮಾತಾಡ್ತಾರೆ. ನಾನು 8 ವರ್ಷ ಫ್ಲೋರಲ್ಲಿದ್ದವನು.

ಸದಸ್ಯೆ 5: ಗಿಣಿ ಆಗೋದು ಸ್ಕ್ರಿಪ್ಟ್ ಓದಿದರೆ. ಇದರಲ್ಲಿ ಮಾತು ನಿಮ್ಮದೇ.

ಸದಸ್ಯ 1: ನೀವು ಹೆಡ್‌ಸೆಟ್ ಹಾಕಿ ಒಂದು ದಿನ ಕೂತು ನೋಡಿ, ಆಮೇಲೆ ಹೇಳಿ.

ಸದಸ್ಯೆ 5: ಕೂತೇ ಬಂದಿದ್ದು ಸರ್.

ಸದಸ್ಯ 3: ಎಲ್ಲ ಪ್ರಶ್ನೆಗೂ ಹೌದು, ಇಲ್ಲ ಎರಡೇ ಇದ್ದರೆ ಸಾಕು ಅಲ್ವಾ?

ಮೇಡಂ: 'ಗೊತ್ತಿಲ್ಲ' ಅನ್ನೋದೂ ಬೇಕು. ಅದಿಲ್ಲದಿದ್ದರೆ ಏಜೆಂಟ್ ಊಹೆ ಮಾಡ್ತಾರೆ.

ಸದಸ್ಯೆ 2: ಸಾಫ್ಟ್‌ವೇರ್ ಹೇಳಲೇ ಇಲ್ಲ ಮೇಡಂ.

ಮೇಡಂ: ಕಾಗದ. ಹೊಸ ಏಜೆಂಟ್ ಒಬ್ಬರಿಗೆ ಕೊಟ್ಟು, ಆ 20 ಕಾಲ್‌ಗಳನ್ನು ನೀವೇ ಗ್ರಾಹಕರಾಗಿ ಮಾಡಿ. ಎಲ್ಲಿ ಬೆರಳು ನಿಲ್ಲುತ್ತೋ ಅಲ್ಲಿ ಪ್ರಶ್ನೆ ತಪ್ಪಿದೆ.

ಹೊಸ ಟ್ರೈನರ್: ಕನ್ನಡ, ಹಿಂದಿ ಎರಡಕ್ಕೂ ಬೇರೆ ಬೇರೆ ಮಾಡಬೇಕಾ?

ಸದಸ್ಯ 4: 850 ರೂಪಾಯಿ ವ್ಯಾಪಾರಿಗೇ ಕಟ್ಟಿದ್ದು. ಇವತ್ತಿಗೆ 6 ದಿನ.