ಇಂಡಕ್ಷನ್ ಒಂದೇ ಇರೋ ರೂಮಿಗೆ ಯಾವುದು: ಪ್ರೆಶರ್ ಕುಕ್ಕರಾ, ರೈಸ್ ಕುಕ್ಕರಾ?

ಪ್ರಶ್ನೆ: ಬೆಂಗಳೂರಲ್ಲಿ ಒಂದೇ ರೂಮು, ನಾವಿಬ್ಬರು. ಓನರ್ ಗ್ಯಾಸ್ ಇಡೋಕೆ ಬಿಡಲ್ಲ, ಒಂದು ಇಂಡಕ್ಷನ್ ಒಲೆ ಇದೆ. ರಾತ್ರಿ ಅನ್ನ-ಸಾರು ಮಾಡ್ಕೋತೀವಿ, ಸೋನಾ ಮಸೂರಿ. ಸದ್ಯಕ್ಕೆ ಎರಡರಲ್ಲಿ ಒಂದನ್ನೇ ತಗೊಳ್ಳೋಕೆ ಆಗೋದು. ಬಳಸಿ ಗೊತ್ತಿರೋರು ಹೇಳಿ.

ಒಗ್ಗರಣೆ ಸೌಟು: ಸಾರು ಅಂದ್ರಲ್ಲ, ಅಲ್ಲಿಗೆ ಮುಗೀತು. ಪ್ರೆಶರ್ ಕುಕ್ಕರ್ ತಗೊಳ್ಳಿ. ಅಕ್ಕಿ ಯಾವ ಪಾತ್ರೆಯಲ್ಲಾದ್ರೂ ಬೇಯುತ್ತೆ, ತಕರಾರು ಇರೋದು ತೊಗರಿಬೇಳೆದು. ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿ ದಾಟಲ್ಲ, ಕುಕ್ಕರ್ ಒಳಗೆ ನೂರಿಪ್ಪತ್ತರ ಹತ್ತಿರ ಹೋಗುತ್ತೆ. ಅದಕ್ಕೇ ಅಲ್ಲಿ ಹತ್ತು ಹದಿನೈದು ನಿಮಿಷದಲ್ಲಿ ಕರಗೋ ಬೇಳೆ, ರೈಸ್ ಕುಕ್ಕರಲ್ಲಿ ಮುಕ್ಕಾಲು ಗಂಟೆ ಆದ್ರೂ ಕಾಳುಕಾಳಾಗಿ ನಿಂತಿರುತ್ತೆ. ಜೊತೆಗೆ ನೊರೆ ಉಕ್ಕಿ ಪ್ಲಾಟ್‌ಫಾರಂ ತುಂಬಾ ಹರಿಯುತ್ತೆ.

ಮೂರು ಲೀಟರ್‌ದು ತರಬೇಡಿ, ಅದರಲ್ಲಿ ಎರಡು ಡಬ್ಬ ಕೂರಲ್ಲ. ಐದು ಲೀಟರ್, ಇಂಡಕ್ಷನ್ ತಳ ಇರೋದು. ಬರೀ ಅಲ್ಯೂಮಿನಿಯಂ ಇಂಡಕ್ಷನ್ ಮೇಲೆ ಬಿಸಿಯಾಗಲ್ಲ. ಅಂಗಡಿಗೆ ಹೋಗುವಾಗ ಫ್ರಿಜ್ ಮೇಲೆ ಅಂಟಿಸೋ ಮ್ಯಾಗ್ನೆಟ್ ಒಂದು ಜೇಬಲ್ಲಿರಲಿ. ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡ್ರೆ ಸರಿ.

ಇಬ್ಬರ ರಾತ್ರಿ ಊಟಕ್ಕೆ ಲೆಕ್ಕ ಇದು, 200 ಎಂಎಲ್ ಲೋಟದಲ್ಲಿ. ಕುಕ್ಕರ್ ತಳಕ್ಕೆ ಒಂದೂವರೆ ಲೋಟ ನೀರು. ಕೆಳಗಿನ ಡಬ್ಬದಲ್ಲಿ ಅರ್ಧ ಲೋಟ ಬೇಳೆ, ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ. ಅದರ ಮೇಲೆ ತಟ್ಟೆ ಮುಚ್ಚಿ, ಮೇಲಿನ ಡಬ್ಬದಲ್ಲಿ ಒಂದೂವರೆ ಲೋಟ ಅಕ್ಕಿ, ಮೂರು ಲೋಟ ನೀರು. ಹೊಸ ಅಕ್ಕಿ ಆದ್ರೆ ನೀರು ಕಾಲು ಲೋಟ ಕಮ್ಮಿ ಮಾಡಿ. ಆಫೀಸಿಂದ ಬಂದ ತಕ್ಷಣ ಬೇಳೆ ನೆನೆಹಾಕಿ, ಕೈಕಾಲು ಮುಖ ತೊಳೆದು ಬರೋ ಅರ್ಧ ಗಂಟೆ ಸಾಕು. ಉಪ್ಪು, ಹುಣಸೆಹುಳಿ ಬೇಳೆ ಬೆಂದ ಮೇಲೇ. ಹುಳಿ ಮುಂಚೆ ಬಿದ್ರೆ ಬೇಳೆ ಮೆತ್ತಗಾಗೋಕೆ ಒಪ್ಪಲ್ಲ.

ಬ್ಯಾಚುಲರ್ ಬಸವ: ಅಷ್ಟೆಲ್ಲ ಯಾಕೆ ಗುರು? ರೈಸ್ ಕುಕ್ಕರ್ ತಗೋ, ಬಟನ್ ಒತ್ತಿ ಸ್ನಾನಕ್ಕೆ ಹೋಗು, ಬಂದಾಗ ಅನ್ನ ರೆಡಿ. ಇಂಡಕ್ಷನ್ ಖಾಲಿ ಇರುತ್ತೆ, ಅದರಲ್ಲಿ ಸಾರು. ಹೆಸರುಬೇಳೆ ಹಾಕು, ಕುಕ್ಕರ್ ಬೇಕೇ ಆಗಲ್ಲ. ಉಪ್ಪಿಟ್ಟು, ಪಲ್ಯ, ಒಗ್ಗರಣೆ ಎಲ್ಲಾ ರೈಸ್ ಕುಕ್ಕರಲ್ಲೇ ಆಗುತ್ತೆ. ಪ್ರೆಶರ್ ಕುಕ್ಕರಲ್ಲೇ ಮಾಡ್ತೀಯ ಅಂದ್ರೆ ಮೂರು ಕೂಗು, ಕಣ್ಣು ಮುಚ್ಕೊಂಡು ಆಫ್ ಮಾಡು.

ಒಗ್ಗರಣೆ ಸೌಟು: ಹೆಸರುಬೇಳೆ ಮಾತು ಒಪ್ಪಿದೆ, ತೆರೆದ ಪಾತ್ರೆಯಲ್ಲೂ ಅರ್ಧ ಗಂಟೆಯೊಳಗೆ ಬೇಯುತ್ತೆ. ಒಗ್ಗರಣೆ ಮಾತು ಒಪ್ಪಲ್ಲ. ರೈಸ್ ಕುಕ್ಕರ್ ತಳದ ನಡುವೆ, ಸ್ಪ್ರಿಂಗ್ ಮೇಲೆ ಕೂತ ಗುಂಡನೆ ಬಿಲ್ಲೆ ಇರುತ್ತಲ್ಲ, ಅದರೊಳಗೆ ಒಂದು ಮ್ಯಾಗ್ನೆಟ್ ಇದೆ. ನೀರಿರೋವರೆಗೆ ಪಾತ್ರೆ ನೂರು ಡಿಗ್ರಿಯಲ್ಲೇ ನಿಲ್ಲುತ್ತೆ. ನೀರು ಇಂಗಿದ್ದೇ ತಡ ತಳ ಇನ್ನೂ ಬಿಸಿಯಾಗುತ್ತೆ, ನೂರಕ್ಕಿಂತ ಮೂರ್ನಾಲ್ಕು ಡಿಗ್ರಿ ಮೇಲೆ ಹೋದಾಗ ಮ್ಯಾಗ್ನೆಟ್ ಹಿಡಿತ ಬಿಟ್ಟು ಬಟನ್ ಟಕ್ಕಂತ ಮೇಲೆ ಹಾರುತ್ತೆ. ಬರೀ ಎಣ್ಣೆ ಹಾಕಿದ್ರೆ ಸಾಸಿವೆ ಸಿಡಿಯೋಕೆ ಮುಂಚೆನೇ ಹಾರುತ್ತೆ. ಕೆಲವರು ಬಟನ್ ಮೇಲೇಳದ ಹಾಗೆ ಚಮಚ ಸಿಕ್ಕಿಸ್ತಾರೆ. ಅದೊಂದು ಮಾತ್ರ ಬೇಡ, ಪಾತ್ರೆ ಸುಟ್ಟು ಒಳಗಿನ ಫ್ಯೂಸ್ ಹೋಗುತ್ತೆ.

ಮೂರು ಕೂಗಿನ ಲೆಕ್ಕ ಗ್ಯಾಸ್‌ದು. ಇಂಡಕ್ಷನ್ ಫುಲ್ ಇಟ್ರೆ ಕೂಗುಗಳು ಒಂದರ ಹಿಂದೆ ಒಂದು ಬರ್ತವೆ, ಡಬ್ಬದೊಳಗಿನ ಬೇಳೆಗೆ ಬೇಯೋಕೆ ಪುರುಸೊತ್ತೇ ಇರಲ್ಲ. ಮೊದಲ ಕೂಗು ಬರೋವರೆಗೆ ಜೋರು, ಆಮೇಲೆ 500-600ಕ್ಕೆ ಇಳಿಸಿ ಹನ್ನೆರಡು ನಿಮಿಷ. ಕೂಗು ಎಣಿಸಬೇಡಿ, ಗಡಿಯಾರ ನೋಡಿ. ಆಫ್ ಮಾಡಿದ ಮೇಲೆ ತಾನಾಗೇ ಇಳಿಯೋವರೆಗೆ ವೇಯ್ಟ್ ಮುಟ್ಟಬೇಡಿ.

ಉಡುಪಿ ಕಡೆಯವ: ಕುಚಲಕ್ಕಿಗೆ ರೈಸ್ ಕುಕ್ಕರ್ ಆಗುದಿಲ್ಲ ಮಾರಾಯ್ರೆ. ಒಂದಕ್ಕೆ ಎರಡು ನೀರು ಹಾಕಿದ್ರೆ ನೀರು ಇಂಗಿ ಬಟನ್ ಹಾರ್‍ತದೆ, ಅಕ್ಕಿ ಗಟ್ಟಿಯೇ ಇರ್‍ತದೆ. ಜಾಸ್ತಿ ಹಾಕಿದ್ರೆ ಗಂಜಿ ಉಕ್ಕಿ ಹೊರಗೆ ಬರ್‍ತದೆ. ಪ್ರೆಶರ್ ಕುಕ್ಕರಲ್ಲಿ ನೀರು ಧಾರಾಳ ಹಾಕಿ ಬೇಯಿಸಿ, ಮುಚ್ಚಿ ಬಿಟ್ಟು, ಆಮೇಲೆ ಬಸಿಯುದು.

ಬ್ಯಾಚುಲರ್ ಬಸವ: ಅವರು ಕೇಳಿದ್ದು ಸೋನಾ ಮಸೂರಿ ಸರ್ 🙂

ಮೂರು ಪಿನ್: ಅಡುಗೆ ಬಿಡಿ, ಗೋಡೆ ನೋಡಿ. ಇಂಡಕ್ಷನ್ 2000 ವಾಟ್ ಅಂದ್ರೆ ಹತ್ತಿರಹತ್ತಿರ 9 ಆಂಪ್ಸ್. ರೂಮಿನ ಮಾಮೂಲಿ ಚಿಕ್ಕ ಸಾಕೆಟ್ 6 ಆಂಪ್ಸ್‌ದು, 230 ವೋಲ್ಟಲ್ಲಿ 1380 ವಾಟ್‌ಗೆ ಅದರ ಕಥೆ ಮುಗೀತು. ಇಂಡಕ್ಷನ್ ಯಾವಾಗ್ಲೂ ದೊಡ್ಡ ತೂತಿನ 16 ಆಂಪ್ಸ್ ಸಾಕೆಟ್‌ಗೇ. 700 ವಾಟ್ ರೈಸ್ ಕುಕ್ಕರ್ 3 ಆಂಪ್ಸ್ ಅಷ್ಟೇ, ಚಿಕ್ಕ ಸಾಕೆಟ್ ಆರಾಮಾಗಿ ತಡೆಯುತ್ತೆ. ತಪ್ಪಾಗೋದು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದಾಗ. ಹತ್ತು ನಿಮಿಷ ಆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ ಹತ್ತಿರ ಬೆರಳು ತನ್ನಿ. ಸುಡ್ತಿದ್ರೆ, ಇಲ್ಲಾ ಪ್ಲಾಸ್ಟಿಕ್ ಕಂದು ತಿರುಗಿದ್ರೆ, ಆ ಬೋರ್ಡ್ ಬಿಸಾಕಿ. ರೂಮಲ್ಲಿ 16 ಆಂಪ್ಸ್ ಪಾಯಿಂಟೇ ಇಲ್ಲದಿದ್ರೆ, ನನ್ನ ಪ್ರಕಾರ ರೈಸ್ ಕುಕ್ಕರೇ ಸರಿ, ಸಾರಿಗೆ ಹೆಸರುಬೇಳೆ.

ಒಗ್ಗರಣೆ ಸೌಟು: ಇಂಡಕ್ಷನ್ 1200ಕ್ಕೆ ಇಟ್ಟು ನಡೆಸಬಹುದಲ್ಲ? ಮೊದಲ ಕೂಗು ಸ್ವಲ್ಪ ತಡ ಆಗುತ್ತೆ, ಅಷ್ಟೇ.

ಮೂರು ಪಿನ್: ನಡೆಸಬಹುದು, ರೂಮ್‌ಮೇಟ್ ಮರೆತು 2000ಕ್ಕೆ ಒತ್ತೋವರೆಗೆ. ಅಲ್ಲದೆ ದೊಡ್ಡ ಪ್ಲಗ್ ಚಿಕ್ಕ ಸಾಕೆಟ್‌ಗೆ ಹಿಡಿಸೋಕೆ ಕನ್ವರ್ಟರ್ ಹಾಕ್ತೀರಿ, ಅದು ಮೊದಲು ಕರಗೋದು.

ಪ್ರಶ್ನೆ ಕೇಳಿದವ: ದೊಡ್ಡ ಸಾಕೆಟ್ ಇದೆ. ಪಕ್ಕದ ರೂಮಿನವರ ಕುಕ್ಕರ್ ತಂದು ಬೇಳೆ ಇಟ್ಟೆ. ಹೇಳಿದ ಟೈಮೇ ಇಟ್ರೂ ಬೇಳೆ ಹಾಗೇ ಇತ್ತು. ಕೂಗೂ ಸರಿಯಾಗಿ ಬರ್ಲಿಲ್ಲ, ಮುಚ್ಚಳದ ಅಂಚಿಂದ ಬುಸ್ ಅಂತಿತ್ತು.

ಒಗ್ಗರಣೆ ಸೌಟು: ಅಂಚಿಂದ ಹಬೆ ಬಂದ್ರೆ ಒಳಗೆ ಒತ್ತಡ ಕಟ್ಟಿಲ್ಲ, ಹಾಗಾಗಿ ಬೇಳೆನೂ ಬೆಂದಿಲ್ಲ. ಗ್ಯಾಸ್ಕೆಟ್ ಸಡಿಲ ಆಗಿದೆ. ಫ್ರಿಜ್ಜಲ್ಲೋ ತಣ್ಣೀರಲ್ಲೋ ಸ್ವಲ್ಪ ಹೊತ್ತು ಇಟ್ರೆ ಆವತ್ತಿನ ಮಟ್ಟಿಗೆ ನಡೆಯುತ್ತೆ, ಆಮೇಲೆ ಹೊಸದೇ ಹಾಕಬೇಕು. ಹಳೇದನ್ನ ಅಂಗಡಿಗೆ ತಗೊಂಡೇ ಹೋಗಿ. ಐದು ಲೀಟರ್ ಅಂದ್ರೆ ಸಾಲದು, ಕಂಪನಿ, ಮಾಡೆಲ್ ಬದಲಾದ್ರೆ ಅಳತೆನೂ ಬದಲಾಗುತ್ತೆ.

ಹಬೆ ಸೋರದೆ, ಕೂಗು ಸರಿಯಾಗಿ ಬಂದೂ ಬೇಳೆ ಬೇಯದಿದ್ರೆ ನೀರಿನ ಮೇಲೆ ಅನುಮಾನ ಪಡಿ. ಬೋರ್‌ವೆಲ್ ನೀರು ಗಡಸಿದ್ರೆ ಎಷ್ಟು ಕೂಗಿಸಿದ್ರೂ ಕಷ್ಟ. ಬೇಳೆ ಡಬ್ಬಕ್ಕೆ ಮಾತ್ರ ಕ್ಯಾನ್ ನೀರು ಹಾಕಿ, ತಳಕ್ಕೆ ನಲ್ಲಿ ನೀರೇ ಸಾಕು. ಇನ್ನೊಂದು, ಪ್ರತಿ ಸಲ ಮುಚ್ಚೋ ಮುಂಚೆ ವೇಯ್ಟ್ ಕೂರೋ ಕೊಳವೆಯನ್ನ ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ರೆ ಹಳೇ ಬೇಳೆ ಕಟ್ಟಿಕೊಂಡಿದೆ, ಪಿನ್ನಲ್ಲಿ ಬಿಡಿಸಿ ತೊಳೆಯಿರಿ.

ಬ್ಯಾಚುಲರ್ ಬಸವ: ಇಷ್ಟೆಲ್ಲ ಓದಿದ ಮೇಲೂ ನಾನು ರೈಸ್ ಕುಕ್ಕರ್ ಪಾರ್ಟಿನೇ.

ಮೂರು ಪಿನ್: ಇರಿ. ಆದ್ರೆ ಒಳಗಿನ ಪಾತ್ರೆಯ ಹೊರ ತಳ ಒರೆಸಿ ಇಡಿ. ಕೆಳಗೊಂದು ಅಗುಳು ಸಿಕ್ಕಿಕೊಂಡ್ರೂ ಪಾತ್ರೆ ಪ್ಲೇಟಿಗೆ ಸರಿಯಾಗಿ ಕೂರಲ್ಲ, ಬಟನ್ ತನ್ನಿಷ್ಟ ಬಂದಾಗ ಹಾರುತ್ತೆ. ಮಿಕ್ಕ ಅನ್ನ ರಾತ್ರಿಯೆಲ್ಲಾ ಅದರಲ್ಲೇ ಬಿಟ್ಟು ಪ್ಲಗ್ ಕಿತ್ತರೆ, ಬೇಸಿಗೆಯಲ್ಲಿ ಬೆಳಿಗ್ಗೆ ಮುಚ್ಚಳ ತೆಗೆದ ತಕ್ಷಣ ಮೂಗಿಗೇ ಗೊತ್ತಾಗುತ್ತೆ.