‘ಮೊಹರು ಸುಭದ್ರ, ಸಂಖ್ಯೆ ಸರಿ’ ಎಂದು ಬರೆಯಬಹುದೇ? ಚಿನ್ನದ ಗಟ್ಟಿಯ ಪ್ಯಾಕ್ ಪರಿಶೀಲನೆಯ ಪದಗಳು

ಪ್ರಶ್ನೆ

ಮಾನ್ಯರೇ,

ಚಿನ್ನದ ಗಟ್ಟಿ ಮತ್ತು ನಾಣ್ಯಗಳ ಫೋಟೊಗಳನ್ನು ನೋಡಿ ಅವುಗಳ ಪ್ಯಾಕಿನ ಸ್ಥಿತಿಯನ್ನು ದಾಖಲಿಸುವವರಿಗಾಗಿ ಕನ್ನಡದಲ್ಲಿ ಒಂದು ಪುಟದ ನಮೂನೆಯನ್ನು ಸಿದ್ಧಪಡಿಸುತ್ತಿದ್ದೇನೆ. ಸಣ್ಣ ಗಟ್ಟಿಯನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ತೂಕ, ಶುದ್ಧತೆ ಮತ್ತು ಸರಣಿ ಸಂಖ್ಯೆಯನ್ನು ಮುದ್ರಿಸಿ ಕೊಡುವ ಕಾರ್ಡಿಗೆ ವ್ಯಾಪಾರದಲ್ಲಿ ಅಸ್ಸೇ ಕಾರ್ಡ್ ಎನ್ನುತ್ತಾರೆ. ನನಗೆ ಬಂದಿರುವ ಹಳೆಯ ಕರಡಿನಲ್ಲಿ ‘ಮೊಹರು ಸುಭದ್ರವಾಗಿದೆ’, ‘ಸಂಖ್ಯೆ ಸರಿಯಾಗಿದೆ’, ‘ಪ್ಯಾಕ್ ಅಭೇದ್ಯವಾಗಿದೆ’ ಎಂಬ ಮೂರು ಸಾಲುಗಳಿದ್ದು, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕಾಗಿದೆ.

ನನ್ನ ಅನುಮಾನ ಹುಟ್ಟಿದ್ದು ಒಂದು ಉದಾಹರಣೆಯಿಂದ. ಹತ್ತು ಗ್ರಾಮಿನ ಗಟ್ಟಿಯೊಂದರ ಮೂರು ಫೋಟೊಗಳಲ್ಲಿ ಕಾರ್ಡಿನ ಮೇಲಿನ ಸಂಖ್ಯೆ B038861 ಎಂದು ಸ್ಪಷ್ಟವಾಗಿದೆ. ಗಟ್ಟಿಯ ಮೇಲಿನ ಸಂಖ್ಯೆ ಎರಡನೆಯ ಫೋಟೊದಲ್ಲಿ B038881 ಎಂಬಂತೆ ಕಾಣುತ್ತದೆ. ಓರೆಯಾಗಿ ತೆಗೆದ ಮೂರನೆಯದರಲ್ಲಿ ಮತ್ತೆ 61 ಎಂದೇ ಓದಬಹುದು. ಕಾರ್ಡಿನ ಕೆಳಗಿನ ಬಲಮೂಲೆಯಲ್ಲಿ ಅಕ್ಕಿಕಾಳಿನುದ್ದದ ಒಂದು ಬಿಳಿ ಗೆರೆಯೂ ಇದೆ. ನೋಡಿದ ಇಬ್ಬರಲ್ಲಿ ಒಬ್ಬರು ಸಂಖ್ಯೆ ಸರಿಯಿಲ್ಲವೆಂದೂ ಇನ್ನೊಬ್ಬರು ಸರಿಯಿದೆಯೆಂದೂ ಬರೆದಿದ್ದಾರೆ. ತಕರಾರು ಕಣ್ಣಿನದೋ ಪದದ್ದೋ ಎಂಬುದು ನನಗೆ ತಿಳಿಯಬೇಕಾಗಿದೆ. ದಯವಿಟ್ಟು ಈ ಮೂರು ಸಾಲುಗಳಿಗೆ ತಕ್ಕ ಮಾತುಗಳನ್ನು ಸೂಚಿಸಿ.

ಮೊದಲ ಉತ್ತರ

ಎರಡನೆಯ ಸಾಲಿಗೆ ಪದ ಹುಡುಕಬೇಕಾಗಿಯೇ ಇಲ್ಲ. ಎರಡು ಲೆಕ್ಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದಕ್ಕೆ ‘ತಾಳೆ ನೋಡುವುದು’ ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿದೆ. ‘ಸಂಖ್ಯೆ ಸರಿಯಾಗಿದೆ’ ಎಂದರೆ ಆ ಸಂಖ್ಯೆ ನಿಜವಾದದ್ದು ಎಂಬ ಅರ್ಥವೂ ಬರುತ್ತದೆ; ‘ತಾಳೆಯಾಗುತ್ತದೆ’ ಎಂದರೆ ಎರಡೂ ಕಡೆ ಒಂದೇ ಇದೆ ಎಂದಷ್ಟೇ ಆಗುತ್ತದೆ.

ಉಳಿದವುಗಳ ಬಗ್ಗೆ ಹೇಳುವುದಾದರೆ, ಅಸ್ಸೇ ಕಾರ್ಡಿಗೆ ‘ಒರೆಚೀಟಿ’ ಎನ್ನಬಹುದು, ಏಕೆಂದರೆ ಚಿನ್ನವನ್ನು ಒರೆಗೆ ಹಚ್ಚಿ ನೋಡುವುದು ನಮ್ಮ ಹಳೆಯ ಕ್ರಮ. ‘ಅಭೇದ್ಯ’ ಎಂಬುದು ಗಂಭೀರವಾದ, ಒಪ್ಪುವ ಪದವಾದ್ದರಿಂದ ಅದನ್ನು ಹಾಗೆಯೇ ಇಟ್ಟುಕೊಳ್ಳಿ. ಮೊಹರು ಒಡೆಯದೆ ಸಂಖ್ಯೆಯೂ ತಾಳೆಯಾದರೆ ಗಟ್ಟಿ ಅಸಲಿಯೆಂದೇ ಅರ್ಥವಾದ್ದರಿಂದ, ನಾಲ್ಕನೆಯ ಸಾಲಾಗಿ ‘ಅಸಲಿ’ ಎಂದೂ ಸೇರಿಸಬಹುದು.

ಎರಡನೆಯ ಉತ್ತರ

ಇಂಥ ಫೋಟೊಗಳನ್ನು ನೋಡುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ‘ತಾಳೆ’ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ‘ಅಭೇದ್ಯ’ವನ್ನೂ ನಾಲ್ಕನೆಯ ಸಾಲನ್ನೂ ಒಪ್ಪಲಾರೆ.

ಈ ಪ್ಯಾಕುಗಳನ್ನು ಯಾರೂ ತೆರೆಯಲಾರದಂತೆ ಮಾಡಿರುವುದಿಲ್ಲ. ಒಂದು ಚಾಕು ಸಾಕು, ತೆರೆಯಬಹುದು. ತೆರೆದರೆ ಅದರ ಕುರುಹು ಉಳಿಯಬೇಕು ಎಂಬುದಷ್ಟೇ ಅವುಗಳ ಉದ್ದೇಶ. ಆದ್ದರಿಂದ ‘ತೆರೆದರೆ ಗುರುತು ಉಳಿಯುವ ಪ್ಯಾಕ್’ ಎಂದು ಉದ್ದವಾಗಿಯೇ ಬರೆಯುವುದು ಮೇಲು. ಅದು ಪ್ಯಾಕಿನ ಗುಣವೇ ಹೊರತು ಪರಿಶೀಲನೆಯ ಫಲವಲ್ಲ. ನಮೂನೆಯಲ್ಲಿ ಬರಬೇಕಾದದ್ದು ‘ತೆರೆದ ಗುರುತು ಕಾಣುತ್ತದೆ’ ಅಥವಾ ‘ಕಾಣುವುದಿಲ್ಲ’ ಎಂಬುದು. ‘ಸುಭದ್ರ’ ಎಂಬ ಪದದಲ್ಲೂ ಇದೇ ತೊಂದರೆಯಿದೆ. ಫೋಟೊ ತೋರಿಸದ ಅಂಚಿನ ಬಗ್ಗೆಯೂ ಅದು ಭರವಸೆ ಕೊಟ್ಟುಬಿಡುತ್ತದೆ. ಪ್ಯಾಕನ್ನು ಸೀಳಿ ಮತ್ತೆ ಅಂಟಿಸುವವರು ಮುಂಭಾಗದ ಕಿಟಕಿಯನ್ನು ಮುಟ್ಟುವುದು ಕಡಿಮೆ; ಅವರು ಕಿರಿದಾದ ಬದಿಯನ್ನೋ ಹಿಂಭಾಗವನ್ನೋ ಆರಿಸಿಕೊಳ್ಳುತ್ತಾರೆ, ಮಾರುವವರು ಫೋಟೊ ತೆಗೆಯದೆ ಬಿಡುವುದೂ ಆ ಬದಿಗಳನ್ನೇ. ಕಾರ್ಡಿನ ನಾಲ್ಕೂ ಅಂಚುಗಳನ್ನು ಓರೆ ಬೆಳಕಿನಲ್ಲಿ ತೆಗೆದಿರದಿದ್ದರೆ ಆ ಸಾಲಿನಲ್ಲಿ ‘ಈ ಫೋಟೊಗಳಿಂದ ಹೇಳಲಾಗದು’ ಎಂದು ಬರೆಯಲು ಜಾಗವಿರಬೇಕು. ಹೌದು, ಇಲ್ಲ ಎಂಬ ಎರಡೇ ಮನೆಗಳಿರುವುದು ನಿಮ್ಮ ನಮೂನೆಯ ದೊಡ್ಡ ಕೊರತೆ.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಾರ್ಡಿನ ಸಂಖ್ಯೆ ಶಾಯಿಯದು, ಗಟ್ಟಿಯದು ಲೋಹದಲ್ಲಿ ಕೊರೆದದ್ದು. ಹೊಳೆಯುವ ಮೇಲ್ಮೈಯಲ್ಲಿ ಕೊರೆದ ಅಂಕಿ ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಎರಡನೆಯ ಫೋಟೊವನ್ನು ಹಿಗ್ಗಿಸಿ, ಅನುಮಾನದ ಅಂಕಿಯನ್ನು ಅದೇ ಸಾಲಿನಲ್ಲಿರುವ ನಿಜವಾದ ಎಂಟುಗಳ ಪಕ್ಕದಲ್ಲಿಟ್ಟು ನೋಡಿ. ಎಂಟರ ನಡು ಎರಡೂ ಬದಿಯಲ್ಲಿ ಕಿರಿದಾಗುತ್ತದೆ. ಆರರ ಎಡಬದಿ ಮೇಲಿನಿಂದ ಕೆಳಕ್ಕೆ ಒಂದೇ ಬಾಗಿನಲ್ಲಿ ಇಳಿಯುತ್ತದೆ. ಎಡಬದಿಯಲ್ಲಿ ಆ ಕಿರಿದಾದ ನಡು ಕಾಣದಿದ್ದರೆ, ಮೇಲಿನ ಬಲಭಾಗವನ್ನು ಮುಚ್ಚಿರುವುದು ಪ್ಲಾಸ್ಟಿಕ್ಕಿನ ಪ್ರತಿಫಲನವೆಂದು ತಿಳಿಯಬೇಕು. ಆಗ ಎರಡನೆಯ ಫೋಟೊಕ್ಕೆ ‘ಓದಲಾಗದು’, ಮೂರನೆಯದಕ್ಕೆ ‘ತಾಳೆಯಾಗುತ್ತದೆ’ ಎಂದು ಬೇರೆ ಬೇರೆಯಾಗಿ ದಾಖಲಿಸಬೇಕು. ನಿಮ್ಮ ಇಬ್ಬರು ಪರಿಶೀಲಕರು ಬೇರೆ ಬೇರೆ ಫೋಟೊಗಳ ಬಗ್ಗೆ ಒಂದೇ ಮನೆಯಲ್ಲಿ ಉತ್ತರ ಬರೆದಿರುವಂತೆ ತೋರುತ್ತದೆ.

ಇನ್ನು ನಾಲ್ಕನೆಯ ಸಾಲಿನ ಮಾತು. ಸಂಖ್ಯೆ ತಾಳೆಯಾಗದಿದ್ದರೆ ಅದು ಬಲವಾದ ಸಾಕ್ಷ್ಯ. ತಾಳೆಯಾದರೆ ಅದು ದುರ್ಬಲ ಸಾಕ್ಷ್ಯ. ನಕಲು ಮಾಡುವವನು ಒಂದು ಅಸಲಿ ಕಾರ್ಡಿನ ಸಂಖ್ಯೆಯನ್ನು ತೆಗೆದುಕೊಂಡು, ಅದನ್ನೇ ನೂರಾರು ಕಾರ್ಡುಗಳಲ್ಲೂ ಗಟ್ಟಿಗಳಲ್ಲೂ ಹಾಕಿದರೆ ಪ್ರತಿಯೊಂದು ಜೋಡಿಯೂ ಒಳಗೊಳಗೇ ತಾಳೆಯಾಗುತ್ತದೆ. ಆದ್ದರಿಂದ ಒಂದೇ ಸಂಖ್ಯೆ ಬೇರೊಂದು ಮಾರಾಟದ ಫೋಟೊದಲ್ಲೂ ಇದೆಯೇ ಎಂದು ಹುಡುಕುವುದು ಕಾರ್ಡು ಮತ್ತು ಗಟ್ಟಿಯನ್ನು ತಾಳೆ ನೋಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ದೊಡ್ಡ ಗಟ್ಟಿಗಳಲ್ಲೂ ಹೀಗಾಗಿದೆ. ಸ್ವಿಸ್ ಸಂಸ್ಕರಣಾಗಾರಗಳ ಮುದ್ರೆಯನ್ನು ನಕಲು ಮಾಡಿದ ಕಿಲೋ ಗಟ್ಟಿಗಳ ಬಗ್ಗೆ 2019ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು; ಆ ಪ್ರಕರಣ ಹೊರಬಿದ್ದದ್ದು ಒಂದೇ ಸಂಖ್ಯೆಯ ಎರಡು ಗಟ್ಟಿಗಳು ಸಿಕ್ಕಿದ್ದರಿಂದ. ಅಲ್ಲಿ ಲೋಹ ಶುದ್ಧ ಚಿನ್ನವೇ ಆಗಿತ್ತು, ಸುಳ್ಳಾಗಿದ್ದದ್ದು ಮುದ್ರೆ. ‘ಅಸಲಿ’ ಎಂಬ ಪದ ಲೋಹಕ್ಕೋ ಮುದ್ರೆಗೋ ಪ್ಯಾಕಿಗೋ ಎಂದು ಹೇಳದೆ ಅದನ್ನು ಬಳಸಬಾರದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಫೋಟೊದಿಂದ ಲೋಹದ ಬಗ್ಗೆ ಹೇಳುವುದಂತೂ ಆಗದ ಮಾತು. ಟಂಗ್‌ಸ್ಟನ್ನಿನ ಸಾಂದ್ರತೆ ಚಿನ್ನದ್ದಕ್ಕೆ ಎಷ್ಟು ಹತ್ತಿರವೆಂದರೆ, ಗಟ್ಟಿಯನ್ನು ಕೈಯಲ್ಲಿ ಹಿಡಿದು ಅಳೆದು ತೂಗಿದರೂ ಒಳಗೆ ಅದನ್ನು ತುಂಬಿರುವುದು ಗೊತ್ತಾಗದೆ ಹೋಗಬಹುದು.

ಮೂರನೆಯ ಉತ್ತರ

ಈ ಚರ್ಚೆ ನೋಡಿ ನನಗೆ ಗಾಬರಿಯಾಗಿದೆ. ನಮ್ಮ ಹಿರಿಯರು ಬಿಟ್ಟುಹೋದ, ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಕ್ರುಗರ್‌ರ‍್ಯಾಂಡ್ ನಾಣ್ಯ ನನ್ನಲ್ಲಿದೆ. ಅದು ದುಂಡನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದು, ಡಬ್ಬಿ ಸುಲಭವಾಗಿ ತೆರೆದುಕೊಳ್ಳುತ್ತದೆ. ಕಾರ್ಡು ಇಲ್ಲ, ಸರಣಿ ಸಂಖ್ಯೆಯಂತೂ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಬಣ್ಣವೂ ಉಳಿದ ನಾಣ್ಯಗಳಿಗಿಂತ ಕೆಂಪಗಿದೆ. ನೀವು ಹೇಳುವ ಪ್ರಕಾರ ಇದರ ಮೊಹರು ಒಡೆದಿದೆ ಎಂದೇ ಬರೆಯಬೇಕೇ?

ಎರಡನೆಯ ಉತ್ತರದವರಿಂದ

ಹಾಗೇನೂ ಬರೆಯಬೇಕಿಲ್ಲ. ಕ್ರುಗರ್‌ರ‍್ಯಾಂಡಿನಂಥ ನಾಣ್ಯಗಳಿಗೆ ಒಂದೊಂದಕ್ಕೂ ಸರಣಿ ಸಂಖ್ಯೆ ಹಾಕುವ ಪದ್ಧತಿಯಿಲ್ಲ. ದುಂಡನೆಯ ಡಬ್ಬಿ ಗೀರು ಬೀಳದಿರಲೆಂದು ಇರುವ ರಕ್ಷಣೆ, ಮೊಹರಲ್ಲ. ಕೆಂಪು ಛಾಯೆಗೂ ಕಾರಣವಿದೆ: ಅದು 22 ಕ್ಯಾರೆಟ್ಟಿನದು, ಉಳಿದ ಪಾಲು ತಾಮ್ರ. ಒಂದು ಔನ್ಸಿನ ನಾಣ್ಯವಾದರೆ ಒಟ್ಟು ತೂಕ ಸುಮಾರು 33.93 ಗ್ರಾಮ್ ಇರಬೇಕು, ಅದರಲ್ಲಿ ಚಿನ್ನ 31.1 ಗ್ರಾಮ್. ತೂಗಿ ನೋಡಿ, ವ್ಯಾಸ ಮತ್ತು ದಪ್ಪವನ್ನೂ ಅಳೆಯಿಸಿ. ಪ್ರಶ್ನೆ ಕೇಳಿದವರಿಗೆ ಇದರಿಂದ ಒಂದು ಉಪಯೋಗವಾಯಿತು: ನಮೂನೆಯಲ್ಲಿ ‘ಅನ್ವಯಿಸುವುದಿಲ್ಲ’ ಎಂಬ ಮನೆಯೂ ಬೇಕು, ಇಲ್ಲವಾದರೆ ಮೊಹರೇ ಇಲ್ಲದ ನಾಣ್ಯವನ್ನು ಮೊಹರು ಒಡೆದದ್ದೆಂದು ಯಾರಾದರೂ ಬರೆದುಬಿಡುತ್ತಾರೆ.

ನಾಲ್ಕನೆಯ ಉತ್ತರ

‘ಒರೆಚೀಟಿ’ ಕೇಳಲು ಚೆನ್ನಾಗಿದೆ, ಆದರೆ ಒರೆಗಲ್ಲಿನ ಮೇಲೆ ಉಜ್ಜಿ ಬಣ್ಣ ನೋಡುವುದು ಬೇರೆ, ಸಂಸ್ಕರಣಾಗಾರದಲ್ಲಿ ನಡೆಯುವ ಪರೀಕ್ಷೆ ಬೇರೆ. ಅಲ್ಲಿ ಕರಗಿಸಿದ ಚಿನ್ನದ ಮಾದರಿಯನ್ನು ಸೀಸದೊಂದಿಗೆ ಕಾಯಿಸಿ ಕಲ್ಮಶ ತೆಗೆದು ಉಳಿದದ್ದನ್ನು ತೂಗುವ ಕ್ರಮವುಂಟು. ಆ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು ಕರಗಿಸಿದ ಮೊತ್ತದ ಮಾದರಿಯ ಮೇಲೆಯೇ ಹೊರತು ಪ್ರತಿ ಸಣ್ಣ ಗಟ್ಟಿಯನ್ನು ಕೆರೆದಲ್ಲ. ‘ಒರೆಚೀಟಿ’ ಎಂದರೆ ಈ ಗಟ್ಟಿಯನ್ನೇ ಒರೆಗೆ ಹಚ್ಚಿದ್ದಾರೆ ಎಂದು ಓದುಗ ತಿಳಿಯುತ್ತಾನೆ. ‘ಪರೀಕ್ಷಾ ಪತ್ರ’ಕ್ಕೂ ಅದೇ ದೋಷ. ನನ್ನ ಮಟ್ಟಿಗೆ ‘ಅಸ್ಸೇ ಕಾರ್ಡ್’ ಎಂದೇ ಇರಲಿ.

ಮೊದಲ ಉತ್ತರದವರಿಂದ

‘ಅಸಲಿ’ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ‘ಒರೆಚೀಟಿ’ಯನ್ನು ಮಾತ್ರ ಬಿಡಲಾರೆ. ‘ಒರೆಗೆ ಹಚ್ಚು’ ಎಂಬುದು ಎಷ್ಟೋ ಕಾಲದಿಂದ ಯಾವುದೇ ಪರೀಕ್ಷೆಗೆ ಸಲ್ಲುವ ಮಾತಾಗಿರುವಾಗ, ಕಲ್ಲು ಕಾಣಲಿಲ್ಲವೆಂದು ಅದನ್ನು ತಳ್ಳುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಎರಡನೆಯ ಫೋಟೊವನ್ನು ಹಿಗ್ಗಿಸಿ ನೋಡಿದೆ. ಅಂಕಿಯ ಎಡಬದಿ ನಡುವಿನಲ್ಲಿ ಎಲ್ಲೂ ಕಿರಿದಾಗದೆ ಇಳಿಯುತ್ತದೆ, ಆದ್ದರಿಂದ ಅದನ್ನು ಓದಲಾಗದು ಎಂದು ಬದಲಿಸಿದ್ದೇನೆ. ಹೊಸ ಕರಡಿನ ಸಾಲುಗಳು ಹೀಗಿವೆ: ‘ಕಾರ್ಡಿನ ಸಂಖ್ಯೆ ಮತ್ತು ಗಟ್ಟಿಯ ಸಂಖ್ಯೆ ತಾಳೆಯಾಗುತ್ತವೆಯೇ’, ‘ಇದೇ ಸಂಖ್ಯೆ ಬೇರೆ ಫೋಟೊಗಳಲ್ಲಿ ಕಂಡಿದೆಯೇ’, ‘ಪ್ಯಾಕ್ ತೆರೆದ ಗುರುತು ಕಾಣುತ್ತದೆಯೇ, ಕಂಡರೆ ಯಾವ ಅಂಚಿನಲ್ಲಿ’. ಪ್ರತಿ ಸಾಲಿಗೂ ಹೌದು, ಇಲ್ಲ, ಈ ಫೋಟೊದಿಂದ ಹೇಳಲಾಗದು, ಅನ್ವಯಿಸುವುದಿಲ್ಲ ಎಂಬ ನಾಲ್ಕು ಮನೆಗಳಿರುತ್ತವೆ. ಕಾರ್ಡಿನ ಹೆಸರನ್ನು ಸದ್ಯಕ್ಕೆ ಅಸ್ಸೇ ಕಾರ್ಡ್ ಎಂದೇ ಇಟ್ಟಿದ್ದೇನೆ.

ಬಲಮೂಲೆಯ ಬಿಳಿ ಗೆರೆಯೊಂದು ಉಳಿದಿದೆ. ಅದನ್ನು ‘ಸೀಳು’ ಎಂದರೆ ಆರೋಪವಾಗುತ್ತದೆ, ‘ಗೀರು’ ಎಂದರೆ ಹಗುರಾಗುತ್ತದೆ.

ಎರಡನೆಯ ಉತ್ತರದವರಿಂದ

ಎರಡನ್ನೂ ಬರೆಯದೆ ‘ಬಿಳಿ ಗೆರೆ’ ಎಂದೇ ಬರೆದು, ಅದರ ಉದ್ದವನ್ನೂ ಜಾಗವನ್ನೂ ನಮೂದಿಸಿ. ಪ್ಲಾಸ್ಟಿಕ್ ಮಡಚಿಕೊಂಡರೂ ಬೆಳ್ಳಗಾಗುತ್ತದೆ, ಅಂಟು ಒಣಗಿದರೂ ಬೆಳ್ಳಗೆ ಕಾಣುತ್ತದೆ. ಆ ಮೂಲೆಯನ್ನು ಎರಡು ಕೋನಗಳಿಂದ ಹತ್ತಿರದಲ್ಲಿ ತೆಗೆದು ಕಳಿಸಲು ಮಾರುವವರನ್ನು ಕೇಳಿ. ಗೆರೆ ಹೊರಮೈಯಲ್ಲಿದ್ದರೆ ಕೋನ ಬದಲಾದಾಗ ಕೆಳಗಿನ ಮುದ್ರಣದ ಅಕ್ಷರಗಳಿಗೆ ಹೋಲಿಸಿದರೆ ಅದು ಸರಿದಂತೆ ಕಾಣುತ್ತದೆ. ಎರಡು ಪದರಗಳ ಕೂಡಿಕೆಯಲ್ಲಿದ್ದರೆ ಕೂಡಿಕೆಯ ಅಂಚನ್ನು ಹಿಡಿದೇ ಸಾಗುತ್ತದೆ ಮತ್ತು ಅಲ್ಲಿ ಬೆಳಕಿನ ಪ್ರತಿಫಲನ ನೇರವಾಗಿರದೆ ಅಲೆಯಲೆಯಾಗಿ ಮುರಿಯುತ್ತದೆ. ಆ ಫೋಟೊ ಬರುವವರೆಗೆ ನಾನಾದರೆ ಮೂರನೆಯ ಮನೆಯಲ್ಲೇ ಗುರುತು ಹಾಕುತ್ತೇನೆ.